ಜಿಗುಟಾದ ರಿಮೋಟಿಗೆ ನೇಲ್ ಪಾಲಿಶ್ ರಿಮೂವರ್ ಹಚ್ಚಬೇಡಿ

ನಮ್ಮ ಮನೆಯ ಹಳೆಯ ಮ್ಯೂಸಿಕ್ ಸಿಸ್ಟಮ್ ಇಂದಿಗೂ ಚೆನ್ನಾಗಿ ಹಾಡುತ್ತದೆ. ಆದರೆ ಅದರ ರಿಮೋಟನ್ನು ನಾನು ಹತ್ತೇ ನಿಮಿಷದಲ್ಲಿ ಹಾಳು ಮಾಡಿದೆ. ಆ ಪೆಟ್ಟಿಗೆಯ ಮೈಮೇಲೆ ಇರುವುದು ಮೂರು ಗುಂಡಿಗಳು ಮಾತ್ರ. ಗಡಿಯಾರ ಹೊಂದಿಸಬೇಕಾದರೂ ರೇಡಿಯೋ ಕೇಂದ್ರಗಳನ್ನು ನೆನಪಿನಲ್ಲಿ ಇಡಿಸಬೇಕಾದರೂ ರಿಮೋಟ್ ಬೇಕು. ಆ ಮಾದರಿಯ ರಿಮೋಟ್ ಈಗ ಎಲ್ಲೂ ಸಿಗುತ್ತಿಲ್ಲ. ನಿಮ್ಮ ಮನೆಯಲ್ಲೂ ಕೈಗೆ ಅಂಟುವ ರಿಮೋಟ್, ಟಾರ್ಚ್ ಅಥವಾ ಸ್ಕ್ರೂಡ್ರೈವರ್ ಇದ್ದರೆ, ಅದಕ್ಕೆ ಏನನ್ನಾದರೂ ಹಚ್ಚುವ ಮೊದಲು ಇದನ್ನು ಓದಿ.

ಹೊಸದರಲ್ಲಿ ಆ ರಿಮೋಟಿನ ಬೆನ್ನು ಮುಟ್ಟಿದರೆ ಮಖಮಲ್ಲಿನಂತಿತ್ತು. ಕೆಲವು ವರ್ಷ ಕಳೆದ ಮೇಲೆ ಅದೇ ಮೇಲ್ಮೈ ಅಂಟತೊಡಗಿತು. ಮೊದಲು ಧೂಳು ಹಿಡಿಯಿತು, ಆಮೇಲೆ ಬೆರಳಿನ ಗುರುತುಗಳು ಹಾಗೇ ಉಳಿಯತೊಡಗಿದವು, ಕೊನೆಗೆ ಹಿಡಿದ ಕೈಯೂ ಇಟ್ಟ ಬಟ್ಟೆಯೂ ಕಪ್ಪಾಗತೊಡಗಿದವು. ಯಾರೋ ಸಕ್ಕರೆ ಪಾಕದ ಕೈಯಲ್ಲಿ ಮುಟ್ಟಿರಬೇಕು ಎಂದುಕೊಂಡು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದೆ. ಒಣಗಿದ ಮೇಲೆ ಅಂಟು ಮೊದಲಿನಷ್ಟೇ ಇತ್ತು. ಟಾಲ್ಕಂ ಪೌಡರ್ ಸವರಿದೆ. ಎರಡು ವಾರ ಹಾಯಾಗಿತ್ತು. ಆಮೇಲೆ ಪೌಡರ್, ಧೂಳು, ಅಂಟು ಮೂರೂ ಕಲೆತು ಗಟ್ಟಿ ಕೊಳೆಯಾಗಿ ಗುಂಡಿಗಳ ಸುತ್ತ ಕೂತಿತು. ಪೌಡರ್ ಅಂಟನ್ನು ಹೀರುವುದಿಲ್ಲ, ಮುಚ್ಚುತ್ತದೆ ಅಷ್ಟೇ. ಕೆಳಗಿನ ಪದರ ಮೆತ್ತಗಾಗುತ್ತಲೇ ಇರುತ್ತದೆ.

ಆಗ ಕಪಾಟಿನಲ್ಲಿದ್ದ ನೇಲ್ ಪಾಲಿಶ್ ರಿಮೂವರ್ ಕಣ್ಣಿಗೆ ಬಿತ್ತು. ಉಗುರಿನ ಬಣ್ಣವನ್ನೇ ತೆಗೆಯುವ ದ್ರವ ಇದನ್ನು ತೆಗೆಯಲಾರದೇ ಎಂಬುದು ನನ್ನ ಲೆಕ್ಕ. ಹತ್ತಿಗೆ ಹಾಕಿ ಒರೆಸಿದೆ. ಕಪ್ಪು ಪದರ ಮೊದಲ ಎಳೆತಕ್ಕೇ ಬಂದುಬಿಟ್ಟಿತು, ಒಳಗಿನ ಹೊಳೆಯುವ ಪ್ಲಾಸ್ಟಿಕ್ ಕಂಡಿತು. ನನ್ನನ್ನು ಮೋಸಗೊಳಿಸಿದ್ದು ಆ ಮೊದಲ ಎಳೆತ. ಖುಷಿಯಿಂದ ಇನ್ನಷ್ಟು ಸುರಿದುಕೊಂಡು ಇಡೀ ಬೆನ್ನನ್ನು ಉಜ್ಜಿದೆ. ಅರೆ ನಿಮಿಷದಲ್ಲಿ ಹೊಳಪು ಹೋಗಿ ಪ್ಲಾಸ್ಟಿಕ್ ಮಂಕಾಯಿತು. ಹತ್ತಿಯ ಎಳೆಗಳು ಮೇಲ್ಮೈಗೆ ಕಚ್ಚಿಕೊಂಡವು. ತೆಗೆಯಲು ಹೋದಾಗ ನನ್ನ ಹೆಬ್ಬೆರಳಿನ ಗೆರೆಗಳು ಪ್ಲಾಸ್ಟಿಕ್ಕಿನ ಮೇಲೆಯೇ ಅಚ್ಚಾದವು. ಮುಂದೆ ಇದ್ದ ಪಾರದರ್ಶಕ ಕಿಟಕಿಯ ಅಂಚಿಗೆ ಒಂದು ಹನಿ ತಾಗಿ ಅದು ಹಾಲಿನ ಬಣ್ಣಕ್ಕೆ ತಿರುಗಿತು. ಎಲ್ಲಕ್ಕಿಂತ ಕೆಟ್ಟದ್ದು ಮರುದಿನ ತಿಳಿಯಿತು. ಬ್ಯಾಟರಿ ಮುಚ್ಚಳದ ಸಂದಿಗೆ ಇಳಿದಿದ್ದ ದ್ರವ ಎರಡೂ ಅಂಚುಗಳನ್ನು ಕರಗಿಸಿ, ಒಣಗುವಾಗ ಒಂದಾಗಿ ಬೆಸೆದುಬಿಟ್ಟಿತ್ತು. ಮೀಟಿ ತೆರೆಯುವಾಗ ಮುಚ್ಚಳದ ಕೊಕ್ಕೆ ಮುರಿಯಿತು.

ಹೀಗಾದದ್ದೇಕೆ ಎಂಬುದನ್ನು ವಿವರಿಸಿದವನು ಎಲೆಕ್ಟ್ರಾನಿಕ್ ಸಾಮಾನುಗಳ ರಿಪೇರಿ ಮಾಡುವ ನನ್ನ ಹೆಂಡತಿಯ ತಮ್ಮ. ರಿಮೋಟನ್ನು ತಿರುಗಿಸಿ ನೋಡಿದವನೇ, "ಭಾವ, ಇದು ರಬ್ಬರ್ ಅಲ್ಲ, ಬಣ್ಣ. ಬಣ್ಣ ತೆಗೆಯಲು ಹೋಗಿ ಗೋಡೆಯನ್ನೇ ಕರಗಿಸಿದ್ದೀರಿ" ಎಂದ. ರಬ್ಬರಿನಂತೆ ಅನ್ನಿಸುವ ಆ ಮೃದು ಪದರ ಹೆಚ್ಚಿನ ರಿಮೋಟುಗಳಲ್ಲಿ ಪಾಲಿಯುರೆಥೇನ್ ಎಂಬ ವಸ್ತುವಿನ ತೆಳುವಾದ ಲೇಪ. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಅದನ್ನು ಬಣ್ಣದಂತೆ ಸಿಂಪಡಿಸಿರುತ್ತಾರೆ. ಪಾಲಿಯುರೆಥೇನಿನ ಅಣುಗಳು ಉದ್ದ ಸರಪಳಿಗಳು. ಗಾಳಿಯ ತೇವ ಆ ಸರಪಳಿಗಳ ಕೊಂಡಿಗಳನ್ನು ವರ್ಷಗಟ್ಟಲೆ ನಿಧಾನವಾಗಿ ಕತ್ತರಿಸುತ್ತದೆ. ಸೆಕೆ ಹೆಚ್ಚಿದಷ್ಟೂ ಈ ಕೆಲಸ ಬೇಗ ನಡೆಯುತ್ತದೆ, ಕೈಯ ಬೆವರು ಮತ್ತು ಜಿಡ್ಡು ಅದಕ್ಕೆ ನೆರವಾಗುತ್ತವೆ. ಉದ್ದ ಸರಪಳಿಗಳು ತುಂಡಾದಾಗ ಲೇಪ ಗಟ್ಟಿತನ ಕಳೆದುಕೊಂಡು ಗೋಂದಾಗುತ್ತದೆ. ಅಂದರೆ ಅಂಟು ಹೊರಗಿನಿಂದ ಬಂದ ಕೊಳೆಯಲ್ಲ, ಲೇಪವೇ ಅಂಟಾಗಿದೆ. ಮುಟ್ಟದೆ ಡಬ್ಬಿಯಲ್ಲಿ ಇಟ್ಟ ರಿಮೋಟೂ ಜಿಗುಟಾಗುವುದು ಇದರಿಂದಲೇ. ತುಂಡಾದ ಸರಪಳಿಯನ್ನು ಮತ್ತೆ ಜೋಡಿಸುವ ಉಪಾಯ ಮನೆಯಲ್ಲಿ ಯಾರ ಬಳಿಯೂ ಇಲ್ಲ. ಲೇಪವನ್ನು ಪೂರ್ತಿ ತೆಗೆಯುವುದೊಂದೇ ಗಟ್ಟಿ ದಾರಿ.

ತೆಗೆಯಲು ಏನು ಬಳಸುತ್ತೇವೆ ಎಂಬುದರಲ್ಲೇ ನನ್ನ ತಪ್ಪಿತ್ತು. ಅನೇಕ ನೇಲ್ ಪಾಲಿಶ್ ರಿಮೂವರುಗಳಲ್ಲಿ ಮುಖ್ಯವಾಗಿ ಇರುವುದು ಅಸಿಟೋನ್. ರಿಮೋಟಿನ ಕವಚ ಸಾಮಾನ್ಯವಾಗಿ ಎಬಿಎಸ್ ಅಥವಾ ಪಾಲಿಸ್ಟೈರೀನ್ ಜಾತಿಯ ಪ್ಲಾಸ್ಟಿಕ್. ಅಸಿಟೋನಿಗೆ ಲೇಪವೂ ಒಂದೇ, ಈ ಕವಚವೂ ಒಂದೇ. ಎಬಿಎಸ್ ತುಂಡುಗಳನ್ನು ಒಂದಕ್ಕೊಂದು ಬೆಸೆಯಲು ಅದನ್ನು ಬೇಕೆಂದೇ ಬಳಸುವವರಿದ್ದಾರೆ. ನನ್ನ ಬ್ಯಾಟರಿ ಮುಚ್ಚಳಕ್ಕೆ ಆದದ್ದೂ ಅದೇ. ಬಣ್ಣ ತೆಳುಮಾಡುವ ಥಿನ್ನರ್ ಕೂಡ ಇದೇ ಸಾಲಿಗೆ ಸೇರುತ್ತದೆ. ‘ಅಸಿಟೋನ್ ಇಲ್ಲ’ ಎಂದು ಬರೆದ ರಿಮೂವರನ್ನೂ ನಂಬಬೇಡಿ. ಅವುಗಳಲ್ಲಿ ಹಲವು ಈಥೈಲ್ ಅಸಿಟೇಟನ್ನು ಬಳಸುತ್ತವೆ, ಅದೂ ಈ ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ.

ಸರಿಯಾದ ದ್ರವ ಐಸೊಪ್ರೊಪೈಲ್ ಆಲ್ಕೋಹಾಲ್. ಶೇಕಡಾ 90ಕ್ಕಿಂತ ಹೆಚ್ಚು ಸಾಂದ್ರತೆಯದು ಒಳ್ಳೆಯದು. ಶೇಕಡಾ 70ರದ್ದೂ ಆಗುತ್ತದೆ, ಆದರೆ ಹೊತ್ತು ಹಿಡಿಯುತ್ತದೆ. ಅದು ಹಳಸಿದ ಲೇಪವನ್ನು ಉಬ್ಬಿಸಿ ಸಡಿಲಿಸುತ್ತದೆ, ಅಷ್ಟು ಹೊತ್ತಿನಲ್ಲಿ ಎಬಿಎಸ್ ಕವಚಕ್ಕೆ ಏನೂ ಮಾಡುವುದಿಲ್ಲ. ಅದಕ್ಕೂ ಒಂದು ಮಿತಿ ಇದೆ. ಪರದೆಯ ಮುಂದಿನ ಪಾರದರ್ಶಕ ಕಿಟಕಿ ಹಲವು ಬಾರಿ ಅಕ್ರಿಲಿಕ್ ಆಗಿರುತ್ತದೆ, ಆಲ್ಕೋಹಾಲ್ ತಾಗಿದರೆ ಅದರಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡಬಹುದು. ಅಲ್ಲಿಗೆ ಟೇಪ್ ಅಂಟಿಸಿ ಮುಚ್ಚಿ, ಅದರ ಅಂಚಿನವರೆಗೆ ಹೋಗಬೇಡಿ.

ನಮ್ಮ ಮನೆಯಲ್ಲಿ ಇದೇ ರೋಗ ಹಿಡಿದ ಇನ್ನೊಂದು ರಿಮೋಟ್ ಇತ್ತು, ಡಿವಿಡಿ ಪ್ಲೇಯರಿನದು. ಅದನ್ನು ಅವನ ಎದುರಿನಲ್ಲೇ ಮಾಡಿದೆ. ಮೊದಲು ಬ್ಯಾಟರಿ ತೆಗೆದೆವು. ಆಮೇಲೆ ಮುಂಭಾಗದ ಫೋಟೋ ತೆಗೆಯಲು ಅವನು ಹೇಳಿದ. ಅದು ಎಷ್ಟು ಮುಖ್ಯ ಎಂಬುದು ಕೊನೆಯಲ್ಲಿ ಗೊತ್ತಾಯಿತು: ಗುಂಡಿಗಳ ಪಕ್ಕದ ಅಕ್ಷರಗಳನ್ನು ಲೇಪದ ಮೇಲೆಯೇ ಮುದ್ರಿಸಿರುತ್ತಾರೆ, ಲೇಪ ಹೋದರೆ ಅವೂ ಹೋಗುತ್ತವೆ. ಬ್ಯಾಟರಿ ಮುಚ್ಚಳದ ಒಳಮೈಗೆ ಲೇಪ ಇರುವುದಿಲ್ಲ, ಬರಿಯ ಪ್ಲಾಸ್ಟಿಕ್ ಇರುತ್ತದೆ. ಅಲ್ಲಿ ಒಂದು ಹನಿ ಹಚ್ಚಿ ಐದು ನಿಮಿಷ ಕಾದೆವು. ಮಂಕಾಗಲಿಲ್ಲ, ಉಗುರಿಗೆ ಮೆತ್ತಗೆ ತಾಗಲಿಲ್ಲ. ಈ ಒಂದು ಪರೀಕ್ಷೆಯನ್ನು ನಾನು ಮೊದಲ ರಿಮೋಟಿಗೆ ಮಾಡಿದ್ದರೆ ಅದು ಉಳಿಯುತ್ತಿತ್ತು.

ಕಿಟಕಿ ತೆರೆದು, ಒಲೆ, ದೀಪಗಳಿಂದ ದೂರ ಕೂತೆವು, ಏಕೆಂದರೆ ಆ ಆವಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಕೈಗವಸು ಹಾಕಿಕೊಂಡೆವು, ಇಲ್ಲದಿದ್ದರೆ ಆ ಕಪ್ಪು ಉಗುರಿನ ಸಂದಿಯಿಂದ ದಿನಗಟ್ಟಲೆ ಹೋಗುವುದಿಲ್ಲ. ದ್ರವವನ್ನು ರಿಮೋಟಿನ ಮೇಲೆ ಸುರಿಯಬಾರದು, ಬಟ್ಟೆಯನ್ನು ನೆನೆಸಬೇಕು. ಹಳೆಯ ಹತ್ತಿ ಬನಿಯನ್ನಿನ ತುಂಡನ್ನು ನೆನೆಸಿ ಬೆನ್ನಿನ ಮೇಲೆ ಒಂದು ನಿಮಿಷ ಹಾಗೇ ಒತ್ತಿ ಇಟ್ಟೆವು. ಆಮೇಲೆ ಒಂದೇ ದಿಕ್ಕಿಗೆ ಒರೆಸಿದಾಗ ಲೇಪ ಟಾರಿನಂತೆ ಬಟ್ಟೆಗೆ ಬಂತು. ಹೆಚ್ಚಿನವರು ಸೋಲುವುದು ಇಲ್ಲಿಯೇ. ಕಪ್ಪಾದ ಬಟ್ಟೆಯಿಂದಲೇ ಮತ್ತೆ ಉಜ್ಜಿದರೆ ಕರಗಿದ ಅಂಟು ಅಲ್ಲೇ ಹರಡಿ, ಆಲ್ಕೋಹಾಲ್ ಆರಿದ ಕೂಡಲೇ ಮತ್ತೆ ಕೂರುತ್ತದೆ. ಎರಡು ಮೂರು ಎಳೆತಕ್ಕೊಮ್ಮೆ ಬಟ್ಟೆಯ ಹೊಸ ಭಾಗ ಬೇಕು. ಆ ಒಂದು ರಿಮೋಟಿಗೆ ಅಂಗೈಯಗಲದ ಹನ್ನೆರಡು ತುಂಡುಗಳು ಖರ್ಚಾದವು, ಮುಕ್ಕಾಲು ಗಂಟೆ ಹಿಡಿಯಿತು. ಮೂಲೆಗಳಿಗೆ ಕಿವಿ ಕಡ್ಡಿ, ಸಂದಿಗಳಿಗೆ ಮರದ ಹಲ್ಲುಕಡ್ಡಿ ಸಾಕು. ಚಾಕು ಬೇಡ, ಮೆತ್ತಗಾದ ಲೇಪದಡಿ ಪ್ಲಾಸ್ಟಿಕ್ ಎಲ್ಲಿದೆ ಎಂಬುದು ಕೈಗೆ ತಿಳಿಯುವುದಿಲ್ಲ. ಮುಗಿದಿದೆಯೇ ಎಂದು ತಿಳಿಯಲು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಬಿಳಿಯಾಗಿಯೇ ಉಳಿದು, ಮೇಲ್ಮೈ ಎಲ್ಲ ಕಡೆ ಒಂದೇ ತೆರನಾಗಿ ಗಟ್ಟಿಯಾಗಿ ಜಾರಿದರೆ ಲೇಪ ಹೋಗಿದೆ.

ಗುಂಡಿಗಳ ಸುತ್ತಲೂ ಲೇಪ ಇದ್ದರೆ ರಿಮೋಟನ್ನು ಬಿಚ್ಚುವುದೇ ಲೇಸು. ಸ್ಕ್ರೂಗಳು ಹೆಚ್ಚಾಗಿ ಬ್ಯಾಟರಿ ಗೂಡಿನಲ್ಲಿ ಅಡಗಿರುತ್ತವೆ, ಉಳಿದದ್ದು ಕೊಕ್ಕೆಗಳ ಹಿಡಿತ. ಒಳಗಿನ ಸರ್ಕ್ಯೂಟ್ ಬೋರ್ಡನ್ನೂ ಗುಂಡಿಗಳ ಸಿಲಿಕೋನ್ ಹಾಳೆಯನ್ನೂ ಬದಿಗಿಟ್ಟು ಕವಚವನ್ನು ಮಾತ್ರ ಒರೆಸಿ. ಸಿಲಿಕೋನ್ ಹಾಳೆ ಜಿಗುಟಾಗಿದ್ದರೆ ಸೋಪಿನ ನೀರು ಸಾಕು. ಅದರ ಹಿಂಬದಿಯಲ್ಲಿ ಕಪ್ಪು ಚುಕ್ಕೆಗಳಿರುತ್ತವೆ, ವಿದ್ಯುತ್ತನ್ನು ಜೋಡಿಸುವುದು ಅವೇ. ಅವನ್ನು ಉಜ್ಜಿದರೆ ಗುಂಡಿ ಕೆಲಸ ಮಾಡದೆ ಹೋಗಬಹುದು.

ಇಷ್ಟೆಲ್ಲ ಕಲಿತ ಹುರುಪಿನಲ್ಲಿ ಜಿಗುಟಾಗಿದ್ದ ಸ್ಕ್ರೂಡ್ರೈವರಿನ ಹಿಡಿಗೂ ಆಲ್ಕೋಹಾಲ್ ಹಚ್ಚಲು ಕುಳಿತೆ. ಒರೆಸಿದಷ್ಟೂ ಕಪ್ಪು ಬರುತ್ತಲೇ ಇತ್ತು, ಗಟ್ಟಿ ತಳ ಸಿಗಲೇ ಇಲ್ಲ. ಅದು ಲೇಪವಲ್ಲ. ಇಂಥ ಹಿಡಿಗಳಲ್ಲಿ ಗಟ್ಟಿ ತಿರುಳಿನ ಮೇಲೆ ಕೆಲವು ಮಿಲಿಮೀಟರ್ ದಪ್ಪದ ಮೆತ್ತನೆಯ ಪ್ಲಾಸ್ಟಿಕ್ಕನ್ನೇ ಅಚ್ಚು ಹಾಕಿರುತ್ತಾರೆ. ಅದರೊಳಗೆ ಮೃದುತ್ವಕ್ಕೆಂದು ಸೇರಿಸಿದ ಎಣ್ಣೆಯಂಥ ವಸ್ತು ಕಾಲ ಕಳೆದಂತೆ ಮೇಲಕ್ಕೆ ಒಸರುತ್ತದೆ. ಮೇಲ್ಮೈಯನ್ನು ಒರೆಸಿದರೆ ಕೆಲವು ತಿಂಗಳು ನೆಮ್ಮದಿ ಸಿಗಬಹುದು, ಒಳಗಿನದು ಮತ್ತೆ ಬರುತ್ತದೆ. ವ್ಯತ್ಯಾಸ ತಿಳಿಯಲು ಕಾಣದ ಅಂಚಿನಲ್ಲಿ ಉಗುರಿನಿಂದ ಕೆರೆದು ನೋಡಿ. ತೆಳು ಪೊರೆ ಸುರುಳಿಯಾಗಿ ಎದ್ದು ಅಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಕಂಡರೆ ಲೇಪ. ಉಗುರು ಒಳಗೆ ಇಳಿಯುತ್ತಲೇ ಹೋದರೆ ದಪ್ಪ ಅಚ್ಚು. ಅದಕ್ಕೆ ಆಲ್ಕೋಹಾಲನ್ನು ವ್ಯರ್ಥ ಮಾಡಬೇಡಿ. ಸೋಪಿನಲ್ಲಿ ತೊಳೆದು, ಒಣಗಿಸಿ, ಬ್ಯಾಡ್ಮಿಂಟನ್ ರ‍್ಯಾಕೆಟ್ಟಿಗೆ ಸುತ್ತುವ ಪಟ್ಟಿಯನ್ನು ಬಿಗಿಯಾಗಿ ಸುತ್ತಿ. ನನ್ನ ಸ್ಕ್ರೂಡ್ರೈವರ್ ಈಗ ಹಾಗೆಯೇ ಇದೆ, ಕೈಗೆ ಅಂಟುವುದಿಲ್ಲ.

ಡಿವಿಡಿ ಪ್ಲೇಯರಿನ ರಿಮೋಟ್ ಈಗ ಅಕ್ಷರಗಳಿಲ್ಲದೆ ಹೊಳೆಯುತ್ತದೆ. ಫೋಟೋ ನೋಡಿಕೊಂಡು ಮುಖ್ಯ ಗುಂಡಿಗಳ ಪಕ್ಕ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದೇನೆ. ಮ್ಯೂಸಿಕ್ ಸಿಸ್ಟಮಿನ ರಿಮೋಟಿನ ಮುಚ್ಚಳವನ್ನು ರಬ್ಬರ್ ಬ್ಯಾಂಡ್ ಹಿಡಿದುಕೊಂಡಿದೆ, ಹಾಲುಬಣ್ಣಕ್ಕೆ ತಿರುಗಿದ ಕಿಟಕಿ ಹಾಗೇ ಇದೆ, ಬೆನ್ನಿನ ಮೇಲೆ ನನ್ನ ಹೆಬ್ಬೆರಳಿನ ಅಚ್ಚೂ ಇದೆ.