ಫೋಟೋದಲ್ಲಿದ್ದ ಮೈಂಡ್ ಮ್ಯಾಪ್, ಬಾಣಗಳ ಸಮೇತ ಲಾಗ್‌ಸೀಕ್‌ಗೆ

ಚಿತ್ರದುರ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕ್ಲಾಸಿನಲ್ಲಿ ಬೋರ್ಡ್ ತುಂಬ ಮೈಂಡ್ ಮ್ಯಾಪ್ ಬಿಡಿಸುತ್ತೇವೆ, ಅಳಿಸುವ ಮೊದಲು ಫೋಟೋ ತೆಗೆದು ಆಮೇಲೆ ಲಾಗ್‌ಸೀಕ್ ಅನ್ನುವ ಟಿಪ್ಪಣಿ ಆ್ಯಪ್‌ಗೆ ಹಾಕಿಡುತ್ತೇನೆ. ಬಹಳ ದಿನದಿಂದ ಇದನ್ನೇ ಬಳಸುತ್ತಿದ್ದೇನೆ. ನನ್ನದು ಮಾರ್ಕ್‌ಡೌನ್ ಫೈಲ್‌ಗಳ ಆವೃತ್ತಿ, ಉಚಿತ.

ಕೊಂಬೆಗಳನ್ನು ಟ್ಯಾಬ್ ಒತ್ತಿ ಒಳಸಾಲುಗಳಾಗಿ ಜೋಡಿಸುವುದು ಯಾವ ಆ್ಯಪ್‌ನಲ್ಲೂ ಆಗುತ್ತದೆ. ಕಷ್ಟ ಇರುವುದು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಅಡ್ಡ ಹೋಗುವ ಬಾಣಗಳಲ್ಲಿ. ಪಟ್ಟಿಯಲ್ಲಿ ಒಂದು ಸಾಲು ಒಂದೇ ಸಾಲಿನ ಕೆಳಗೆ ಕೂರಬಹುದು, ಅಲ್ವಾ? ಹಾಗಂತ ಅದೇ ಸಾಲನ್ನು ಎರಡು ಕಡೆ ಬರೆದರೆ, ಒಂದನ್ನು ತಿದ್ದಿದಾಗ ಇನ್ನೊಂದು ಹಳೆಯದಾಗಿಯೇ ಉಳಿಯುತ್ತದೆ.

ನಮ್ಮ ಜಿಲ್ಲೆಯ ನೀರಿನ ಮ್ಯಾಪನ್ನೇ ತೆಗೆದುಕೊಳ್ಳಿ. ಮಳೆ, ಕೆರೆ, ಕೊಳವೆಬಾವಿ, ಬೆಳೆ, ಕುಡಿಯುವ ನೀರು ಅಂತ ಐದು ಕೊಂಬೆ. ಬೆಳೆಯ ಕೆಳಗಿನ ಅಡಿಕೆ ತೋಟದಿಂದ ಕೊಳವೆಬಾವಿಯ ಆಳಕ್ಕೆ ಒಂದು ಬಾಣ, ಕೆರೆಯ ಹೂಳಿನಿಂದಲೂ ಅಲ್ಲಿಗೇ ಒಂದು ಬಾಣ, ಆ ಆಳದಿಂದ ಕುಡಿಯುವ ನೀರಿನ ಫ್ಲೋರೈಡ್‌ಗೆ ಇನ್ನೊಂದು. ಪಾಠದ ಜೀವ ಇರುವುದೇ ಈ ಮೂರು ಬಾಣಗಳಲ್ಲಿ.

ಟೈಪ್ ಮಾಡುವ ಮೊದಲು ಫೋಟೋ ಮೇಲೆಯೇ ಪ್ರತಿ ಕೊಂಬೆಗೂ ನಂಬರ್ ಬರೆಯುತ್ತೇನೆ. ಆಮೇಲೆ ಬಾಣಗಳನ್ನು ಮರೆತು ಕೊಂಬೆಗಳನ್ನಷ್ಟೇ ಪೂರ್ತಿ ಇಳಿಸುತ್ತೇನೆ. ಎಲ್ಲ ಸಾಲುಗಳೂ ಬಂದ ಮೇಲೆ, ಬಾಣ ತಲುಪುವ ಸಾಲಿನ ಚುಕ್ಕೆ ಮೇಲೆ ರೈಟ್ ಕ್ಲಿಕ್ ಮಾಡಿ `Copy block ref` ಕೊಟ್ಟು, ಸಿಕ್ಕ ಕೊಂಡಿಯನ್ನು ಬಾಣ ಹೊರಡುವ ಸಾಲಿನ ಕೆಳಗೆ ಕಾರಣದ ಜೊತೆ ಅಂಟಿಸುತ್ತೇನೆ. ಕಾರಣ ಬರೆಯದಿದ್ದರೆ ಸ್ವಲ್ಪ ದಿನ ಕಳೆದ ಮೇಲೆ ಆ ಬಾಣ ಯಾಕೆ ಅಂತಲೇ ಗೊತ್ತಾಗುವುದಿಲ್ಲ. ಫೈಲಿನೊಳಗೆ ಅದು ಹೀಗಿರುತ್ತದೆ:

```
- 3.1 ಕೊಳವೆಬಾವಿಯ ಆಳ
  id:: 65f0c1d2-7a3b-4c5d-8e9f-0a1b2c3d4e5f
- 4.2 ಅಡಿಕೆ ತೋಟ
  - ಬೇಸಿಗೆಯಲ್ಲೂ ನೀರು ಬೇಕು → 3.1 ((65f0c1d2-7a3b-4c5d-8e9f-0a1b2c3d4e5f))
```

ನನಗೆ ಅತಿ ಇಷ್ಟವಾದದ್ದು ಮುಂದಿನದು. ಬಾಣ ತಲುಪಿದ ಸಾಲಿನ ಬಲಗಡೆ ಒಂದು ಸಣ್ಣ ಅಂಕಿ ತಾನಾಗಿಯೇ ಬರುತ್ತದೆ, ಒತ್ತಿದರೆ ಎಲ್ಲಿಂದೆಲ್ಲ ಬಾಣ ಬಂದಿದೆ ಅಂತ ತೋರಿಸುತ್ತದೆ. 3.1ರ ಪಕ್ಕ 2 ಇರಬೇಕು, ಅಡಿಕೆಯದ್ದೊಂದು ಹೂಳಿನದ್ದೊಂದು. 1 ಅಂತ ಇದ್ದರೆ ಫೋಟೋದ ಒಂದು ಬಾಣ ಬಿಟ್ಟುಹೋಗಿದೆ ಎಂದೇ ಅರ್ಥ. ಸಾಲನ್ನು ಎಳೆದು ಬೇರೆ ಕೊಂಬೆಯಡಿ ಇಟ್ಟರೂ ಕೊಂಡಿ ಕಡಿಯುವುದಿಲ್ಲ. ಆದರೆ ಆಗ ನಂಬರ್ ಬದಲಿಸಬೇಡಿ, ಅದು ಆ ಸಾಲಿನ ಹೆಸರಿದ್ದ ಹಾಗೆ.

ತೊಂದರೆಯೂ ಇದೆ. ಇದೇ ಫೈಲನ್ನು ಬೇರೆ ಎಡಿಟರ್‌ನಲ್ಲಿ ತೆರೆದರೆ ಕೊಂಡಿಯ ಜಾಗದಲ್ಲಿ ಬರೀ ಆ ಉದ್ದದ ಕೋಡ್ ಕಾಣುತ್ತದೆ, ಕಸ ಅಂದುಕೊಂಡು ಯಾರಾದರೂ `id::` ಸಾಲು ಅಳಿಸಿದರೆ ಆ ಬಾಣ ಹೋದಂತೆಯೇ. ಬಾಣದ ಪಕ್ಕ 3.1 ಅಂತ ಕೈಯಾರೆ ಬರೆಯುವುದು ಅದಕ್ಕೇ. ಪ್ರಿಂಟ್ ತೆಗೆದು ಮಕ್ಕಳ ಕೈಗೆ ಕೊಟ್ಟಾಗಲೂ ಅವರು ಆ ನಂಬರ್ ಹಿಡಿದು ಹುಡುಕಿಕೊಳ್ಳುತ್ತಾರೆ.