ಹೊಸ ಸೆಲ್ ಹಾಕಿದರೂ ‘Lo’: ಸೆಲ್ ಬದಲಿಸಬೇಕಾ, ಕಾಂಟ್ಯಾಕ್ಟ್ ಒರೆಸಬೇಕಾ?

ಎರಡು AAA ಸೆಲ್ ಹಾಕುವ ತೂಕದ ಯಂತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ‘Lo’ ಬಂದರೆ ಸೆಲ್‌ನಿಂದ ಸಿಗುವ ವೋಲ್ಟೇಜ್ ಸಾಲುತ್ತಿಲ್ಲ ಅಂತ. ಅಂಗಡಿಯಲ್ಲಿ ಸಿಗುವ ಅಗ್ಗದ ಸೆಲ್ ಹೆಚ್ಚಾಗಿ ಜಿಂಕ್ ಕಾರ್ಬನ್. ‘ಹೆವಿ ಡ್ಯೂಟಿ’ ಎಂದು ಬರೆದಿದ್ದರೂ ಅದೇ. ಗೋಡೆ ಗಡಿಯಾರಕ್ಕೆ ಸಾಕು. ಆದರೆ ತಕ್ಕಡಿಯ ಲೈಟ್ ಹೊತ್ತಿಕೊಂಡಾಗ ಅದರ ವೋಲ್ಟೇಜ್ ಬೇಗ ಕುಸಿಯುತ್ತದೆ. ಆಲ್ಕಲೈನ್ ಆ ಹೊರೆಯನ್ನು ಚೆನ್ನಾಗಿ ತಡೆಯುತ್ತದೆ. ದುಡ್ಡು ಜಾಸ್ತಿಯಾದರೂ ನಾನು ಅದನ್ನೇ ಹಾಕಿ ಅನ್ನುತ್ತೇನೆ. ರೀಚಾರ್ಜ್ ಸೆಲ್ ಸಾಮಾನ್ಯವಾಗಿ 1.2 ವೋಲ್ಟಿನದು, ತುಂಬಿದ್ದರೂ ಕೆಲವು ಯಂತ್ರಗಳು ಖಾಲಿ ಅಂದುಕೊಳ್ಳುತ್ತವೆ.

ಆಲ್ಕಲೈನ್ ಹಾಕಿದರೂ ‘Lo’ ಬಂದರೆ ಮಲ್ಟಿಮೀಟರ್ ಹಿಡಿಯಿರಿ. ಯಂತ್ರ ಆನ್ ಇರುವಾಗಲೇ ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಸೆಲ್‌ನ ಎರಡು ತುದಿಗೆ ಮುಟ್ಟಿಸಿ. ಹೊಸ ಸೆಲ್ 1.5ರ ಆಸುಪಾಸು ಇರಬೇಕು. 1.2ಕ್ಕೆ ಇಳಿದರೆ ಸೆಲ್ಲೇ ಸರಿ ಇಲ್ಲ. ಒಂದೊಂದೂ 1.5 ತೋರಿಸಿ, ಒಳಗೆ ಹೋಗುವ ಎರಡು ವೈರ್‌ಗಳ ಬೆಸುಗೆ ಹತ್ತಿರ ಮಾತ್ರ 3ರ ಬದಲು 2.5 ಬಂದರೆ ತಪ್ಪು ಕಾಂಟ್ಯಾಕ್ಟ್‌ನದು.

ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಂಡರೆ ಅದು ಸಾಮಾನ್ಯವಾಗಿ ಸೋರಿದ ಆಲ್ಕಲೈನ್. ಸೆಲ್ ತೆಗೆದು, ಇಯರ್ ಬಡ್ಸ್‌ಗೆ ಒಂದೆರಡು ಹನಿ ವಿನೆಗರ್ ಹಾಕಿ ಒರೆಸಿ. ಆಮೇಲೆ ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿಸಿ. ಲೋಹವೇ ತಿಂದುಹೋಗಿದ್ದರೆ ಒರೆಸಿ ಪ್ರಯೋಜನವಿಲ್ಲ.

ಒಂದು ಮಾತು ಮಾತ್ರ ಮರೀಬೇಡಿ. ಶುಗರ್ ಮೀಟರ್‌ನಲ್ಲಿ ‘LO’ ಬಂದರೆ ಅದು ಸಾಮಾನ್ಯವಾಗಿ ಸೆಲ್ ಬಗ್ಗೆ ಅಲ್ಲ, ಸಕ್ಕರೆ ತೀರಾ ಇಳಿದಿದೆ ಅಂತ. ಅಲ್ಲಿ ಸೆಲ್‌ಗೆ ಬ್ಯಾಟರಿ ಚಿತ್ರ ಬರುತ್ತದೆ.