ಬೈಯಪ್ಪನಹಳ್ಳಿ ಅಂತ ಹಾಕಿದ್ರೆ ಯಾವ ಬೈಯಪ್ಪನಹಳ್ಳಿ? ಮ್ಯಾಪ್ ಆಪ್ ಬಗ್ಗೆ ನನ್ನ ಅನುಭವ

ಫೋನಿನಲ್ಲಿರೋ ಮ್ಯಾಪ್ ಆಪನ್ನು ನಾನು ದಿನಾ ಬಳಸೋನು. ರಾಜಾಜಿನಗರದಿಂದ ವೈಟ್‌ಫೀಲ್ಡ್‌ಗೆ ಹೋಗಲಿ, ಗೊತ್ತಿಲ್ಲದ ಬೀದಿಯಲ್ಲಿ ಮದುವೆ ಮನೆ ಹುಡುಕಲಿ, ಅದೇ ದಿಕ್ಕು. ಅಂಥ ಆಪಿಗೆ ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತಿದ್ದೀನಿ. ಆ ಒಂದೂವರೆ ಸ್ಟಾರ್ ಯಾಕೆ ಕಡಿಮೆ ಆಯ್ತು ಅಂತ ಹೇಳೋಕೇ ಇದನ್ನು ಬರೀತಿದ್ದೀನಿ. ಬೆಂಗಳೂರಿನ ಬೈಯಪ್ಪನಹಳ್ಳಿಯಿಂದ ರೈಲು ಹತ್ತೋರು ಪೂರ್ತಿ ಓದಿ, ಉಳಿದವರು ಟ್ರಾಫಿಕ್ ನೋಡೋಕೆ ಆಪ್ ಚೆನ್ನಾಗಿದೆ ಅಂತ ತಿಳ್ಕೊಂಡು ಮುಂದೆ ಹೋಗಬಹುದು.

ನಮ್ಮ ದೊಡ್ಡಮ್ಮ, ದೊಡ್ಡಪ್ಪ ಪುರಿ ಜಗನ್ನಾಥನನ್ನು ನೋಡಬೇಕು ಅಂತ ಬಹಳ ವರ್ಷದಿಂದ ಹೇಳ್ತಿದ್ರು. ಹೌರಾ ಕಡೆ ಹೋಗೋ ಗಾಡಿಯಲ್ಲಿ ಖುರ್ದಾ ರೋಡ್‌ವರೆಗೆ ಟಿಕೆಟ್ ಮಾಡಿಸಿದ್ದು ನಾನೇ. ಗಾಡಿ ಎಲ್ಲಿಂದ ಹೊರಡುತ್ತೆ ಅಂತ ದೊಡ್ಡಪ್ಪ ಕೇಳಿದಾಗ "ಬೈಯಪ್ಪನಹಳ್ಳಿಯಿಂದ" ಅಂತ ನಾನೂ ಬಾಯಿಮಾತಿಗೆ ಹೇಳಿಬಿಟ್ಟೆ. ತಪ್ಪು ಶುರುವಾಗಿದ್ದೇ ಅಲ್ಲಿ. ಆವತ್ತು ಕ್ಯಾಬಿನಲ್ಲಿ ಕೂತು ಮ್ಯಾಪಿನಲ್ಲಿ ಬೈಯಪ್ಪನಹಳ್ಳಿ ರೈಲ್ವೆ ಸ್ಟೇಷನ್ ಅಂತ ಟೈಪ್ ಮಾಡಿದೆ. ಕೆಳಗೆ ನಾಲ್ಕೈದು ಹೆಸರು ಬಂತು. ಮೊದಲನೆಯದು ನಾನು ಬರೆದ ಹಾಗೇ ಇತ್ತು, ಒತ್ತಿದೆ. ಡ್ರೈವರ್ ಹಳೇ ಮದ್ರಾಸ್ ರಸ್ತೆ ಹಿಡಿದು ತಂದು ಇಳಿಸಿದ್ದು ಬೈಯಪ್ಪನಹಳ್ಳಿ ಮೆಟ್ರೋ ಪಕ್ಕದ ಪುಟ್ಟ ಸ್ಟೇಷನ್ನಿಗೆ. ಆಪ್ ಪ್ರಕಾರ ನಾವು ಸರಿಯಾದ ಜಾಗಕ್ಕೇ ಬಂದಿದ್ವಿ, "ತಲುಪಿದ್ದೀರಿ" ಅಂತಾನೂ ಹೇಳ್ತು.

ನಾಲ್ಕು ಲಗೇಜು, ಒಂದು ಬುತ್ತಿ ಚೀಲ, ಮಂಡಿ ನೋವಿನ ದೊಡ್ಡಮ್ಮ. ಪ್ಲಾಟ್‌ಫಾರಂನಲ್ಲಿ ಐದಾರು ಜನ ಬಿಟ್ಟರೆ ಯಾರೂ ಇಲ್ಲ. "ಏನೋ ಇದು, ಹೌರಾ ಗಾಡಿ ಅಂತೀಯಾ, ಒಬ್ಬ ಕೂಲಿನೂ ಕಾಣ್ತಿಲ್ಲವಲ್ಲೋ" ಅಂದ್ರು ದೊಡ್ಡಮ್ಮ. ಅವರಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಒಬ್ಬರು ಟಿಕೆಟ್ ನೋಡಿ, "ಇದು ಟರ್ಮಿನಲ್‌ನದ್ದು ಸಾರ್, ಇಲ್ಲಿ ಬರಲ್ಲ. ಹಳಿ ಆಚೆ ಕಡೆ ಹೋಗಬೇಕು, ಆಟೋ ಹಿಡೀರಿ" ಅಂದ್ರು. ಆಟೋ ಸಿಕ್ಕಿತು, ಗಾಡಿಯೂ ಸಿಕ್ಕಿತು, ಆದರೆ ಕೋಚಿನ ತನಕ ದೊಡ್ಡಮ್ಮನನ್ನು ಹೆಚ್ಚುಕಮ್ಮಿ ಎತ್ತಿಕೊಂಡೇ ಓಡಿದ್ವಿ.

ಮನೆಗೆ ಬಂದ ಮೇಲೆ ಕೂತು ನೋಡಿದೆ. ಬೈಯಪ್ಪನಹಳ್ಳಿಯಲ್ಲಿ ರೈಲ್ವೆಯವರದ್ದೇ ಎರಡು ಸ್ಟೇಷನ್ ಇವೆ. ಹಳೆಯದು ಬೈಯಪ್ಪನಹಳ್ಳಿ, ಬೆಂಗಳೂರಿನಿಂದ ಜೋಲಾರ್‌ಪೇಟೆಗೆ ಹೋಗೋ ಲೈನಿನಲ್ಲಿ, ಕೃಷ್ಣರಾಜಪುರಕ್ಕಿಂತ ಮುಂಚೆ ಬರುತ್ತೆ, ಅದರ ಕೋಡ್ BYPL. ಹೊಸದು ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್, 2022ರ ಜೂನ್‌ನಲ್ಲಿ ಗಾಡಿ ಓಡೋಕೆ ಶುರುವಾಗಿದ್ದು, ಏಳು ಪ್ಲಾಟ್‌ಫಾರಂ, ಕೋಡ್ SMVB. ಕಟ್ಟುವಾಗ ಎಲ್ಲರೂ ಅದನ್ನು ಬೈಯಪ್ಪನಹಳ್ಳಿ ಟರ್ಮಿನಲ್ ಅಂತಲೇ ಕರೀತಿದ್ರು, ಇವತ್ತಿಗೂ ಆಟೋದವರ ಬಾಯಲ್ಲಿ ಹಾಗೇ ಇದೆ. ಎರಡರ ನಡುವೆ ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್, ಮಧ್ಯೆ ಹಳಿ. ಹಳೇ ಮದ್ರಾಸ್ ರಸ್ತೆ ಕಡೆಯಿಂದ ಬಂದವರು ಟರ್ಮಿನಲ್ ಮುಟ್ಟೋಕೆ ಸುತ್ತಿಕೊಂಡೇ ಹೋಗಬೇಕು. ಇದರ ಜೊತೆಗೆ ಮೆಟ್ರೋ ಸ್ಟೇಷನ್ ಹೆಸರೂ ಬೈಯಪ್ಪನಹಳ್ಳಿ. ಅದು ಹಳೇ ರೈಲ್ವೆ ಸ್ಟೇಷನ್ ಪಕ್ಕ ಇದೆ, ಟರ್ಮಿನಲ್ ಪಕ್ಕ ಅಲ್ಲ.

ಆಮೇಲೆ ಬುದ್ಧಿವಂತನಾಗಿ "ವಿಶ್ವೇಶ್ವರಯ್ಯ ಸ್ಟೇಷನ್" ಅಂತ ಹುಡುಕಿದೆ. ಆಗ ಇನ್ನೊಂದು ಬಲೆ. ಪರ್ಪಲ್ ಲೈನ್ ಮೆಟ್ರೋದಲ್ಲಿ ಮೆಜೆಸ್ಟಿಕ್ ಬಿಟ್ಟು ಕಬ್ಬನ್ ಪಾರ್ಕ್ ಕಡೆ ಹೊರಟರೆ ಮೊದಲು ಸಿಗೋದು ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಷನ್, ಸೆಂಟ್ರಲ್ ಕಾಲೇಜ್. ಅದು ಟರ್ಮಿನಲ್ಲಿನಿಂದ ಏಳೆಂಟು ಕಿಲೋಮೀಟರ್ ದೂರ. ಸೆಂಟ್ರಲ್ ಕಾಲೇಜಿನಲ್ಲೇ ಓದಿದವರು ಸರ್ ಎಂ.ವಿ., ಹಾಗಾಗಿ ಅಲ್ಲಿ ಅವರ ಹೆಸರಿಗೆ ಯಾರ ತಕರಾರೂ ಇಲ್ಲ. ಆದರೆ ಒಬ್ಬ ಇಂಜಿನಿಯರ್ ಹೆಸರಿನಲ್ಲಿ ಒಂದೇ ಊರಲ್ಲಿ ಒಂದು ಮೆಟ್ರೋ, ಒಂದು ರೈಲ್ವೆ ಟರ್ಮಿನಲ್ ಇಟ್ಟರೆ, ಹುಡುಕೋ ಪೆಟ್ಟಿಗೆಯಲ್ಲಿ ವಿಶ್ವೇಶ್ವರಯ್ಯ ಅಂತಷ್ಟೇ ಹಾಕಿದೋನ ಗತಿ ಏನು?

ಈಗ ನಾನು ಮಾಡೋದು ಇಷ್ಟು. ಮ್ಯಾಪ್ ತೆಗೆಯೋಕೆ ಮುಂಚೆ ಟಿಕೆಟ್ ತೆಗೀತೀನಿ. ಆನ್‌ಲೈನ್ ಟಿಕೆಟ್ಟಿನಲ್ಲಿ ಎರಡು ಜಾಗ ನೋಡಬೇಕು: Booked From ಮತ್ತು Boarding At. ಎರಡೂ ಒಂದೇ ಆಗಿರಬೇಕಂತಿಲ್ಲ. ಟಿಕೆಟ್ ಒಂದು ಸ್ಟೇಷನ್ನಿನಿಂದ ಮಾಡಿಸಿ, ಹತ್ತೋದು ಮುಂದಿನದರಲ್ಲಿ ಅಂತ ಬದಲಾಯಿಸಿಕೊಂಡಿರಬಹುದು. ನಾವು ಹೋಗಬೇಕಾದ್ದು Boarding At ಅಂತ ಇರೋ ಕಡೆಗೆ. ಅಲ್ಲಿ ಹೆಸರಿನ ಜೊತೆ ಕೋಡ್ ಇರುತ್ತೆ. ಹೆಸರು ಬಿಟ್ಟು ಕೋಡ್ ಓದಬೇಕು, ಅದೂ ಪೂರ್ತಿ ಓದಬೇಕು. ಕಂಟೋನ್ಮೆಂಟ್ BNC, ಅದರ ಪಕ್ಕದ ಬೆಂಗಳೂರು ಈಸ್ಟ್ BNCE. ಮೊದಲ ಮೂರಕ್ಷರ ನೋಡಿ ಸಾಕು ಅಂತ ಬಿಟ್ಟರೆ ಇನ್ನೊಂದು ಫಜೀತಿ.

ಕೋಡ್ SMVB ಅಂತ ಖಚಿತವಾದ ಮೇಲೆ ಮ್ಯಾಪಿನಲ್ಲಿ ಹೆಸರಿನ ಕೊನೆಗೆ ಟರ್ಮಿನಲ್ ಅನ್ನೋ ಪದ ಸೇರಿಸಿಯೇ ಹುಡುಕ್ತೀನಿ. ಸಿಕ್ಕಿದ್ದನ್ನು ಒತ್ತೋ ಮುಂಚೆ ಅದರ ಕೆಳಗಿನ ಸಣ್ಣ ಅಕ್ಷರದ ಸಾಲು ಓದ್ತೀನಿ. ಅಲ್ಲಿ ಮೆಟ್ರೋ ಅಂತಲೋ ರೈಲು ಅಂತಲೋ ವಿಧ ಬರೆದಿರುತ್ತೆ, ವಿಳಾಸದಲ್ಲಿ ಬಡಾವಣೆ ಹೆಸರಿರುತ್ತೆ. ಸೆಂಟ್ರಲ್ ಕಾಲೇಜ್, ಅಂಬೇಡ್ಕರ್ ವೀಧಿ ಅಂತ ಕಂಡರೆ ಅದು ನಮ್ಮದಲ್ಲ. ಆಮೇಲೆ ಸ್ಯಾಟಲೈಟ್ ಚಿತ್ರಕ್ಕೆ ಬದಲಾಯಿಸಿ ಪಿನ್ ಹತ್ತಿರ ಹಿಗ್ಗಿಸಿ ನೋಡೋದು. ಟರ್ಮಿನಲ್ ಆದರೆ ಏಳು ಪ್ಲಾಟ್‌ಫಾರಂ ಸಾಲಾಗಿ, ಮುಂದೆ ದೊಡ್ಡ ಕಟ್ಟಡ, ವಿಶಾಲವಾದ ಪಾರ್ಕಿಂಗ್ ಕಾಣುತ್ತೆ. ಹಳೇ ಸ್ಟೇಷನ್ನಿನಲ್ಲಿ ಆ ಹರವು ಇಲ್ಲ. ಒಂದು ಸಲ ಕಣ್ಣಿಗೆ ಬಿದ್ದರೆ ಮತ್ತೆ ತಪ್ಪಲ್ಲ.

ಇಷ್ಟಾದರೂ ಒಂದು ತೊಂದರೆ ಉಳಿಯುತ್ತೆ, ನನಗೆ ಆಪ್ ಮೇಲೆ ನಿಜವಾದ ಸಿಟ್ಟಿರೋದು ಇದಕ್ಕೇ. ಪಿನ್ ಸರಿಯಾದ ಸ್ಟೇಷನ್ನಿನ ಮೇಲೇ ಕೂತಿರುತ್ತೆ, ಆದರೆ ದಾರಿಯ ನೀಲಿ ಗೆರೆ ಎಲ್ಲಿಗೆ ಹೋಗಿ ನಿಲ್ಲುತ್ತೆ? ಪಿನ್ ಪ್ಲಾಟ್‌ಫಾರಂ ಮಧ್ಯೆ ಇದ್ದರೆ, ಆಪು ಅದಕ್ಕೆ ಹತ್ತಿರದ ರಸ್ತೆ ಯಾವುದೋ ಅಲ್ಲಿಗೆ ಗಾಡಿ ತಂದು ನಿಲ್ಲಿಸಬಹುದು. ಆ ರಸ್ತೆ ಹಳಿಯ ಹಿಂಭಾಗದ ಗೋಡೆ ಪಕ್ಕದ್ದಾಗಿರಬಹುದು. ನೇರ ಲೆಕ್ಕದಲ್ಲಿ ನೂರು ಮೀಟರ್, ಒಳಗೆ ಹೋಗೋಕೆ ಮಾತ್ರ ಅಲ್ಲಿ ಬಾಗಿಲೇ ಇಲ್ಲ. ಅದಕ್ಕೆ ದಾರಿ ಹಾಕಿದ ಮೇಲೆ ಮ್ಯಾಪನ್ನು ಕೊನೆಯ ತುದಿಗೆ ಎಳೆದು, ಗೆರೆ ಮುಗಿಯೋ ಜಾಗ ಮುಖ್ಯ ಕಟ್ಟಡದ ಎದುರಿನ ರಸ್ತೆಯೇ ಅಂತ ನೋಡ್ಕೋಬೇಕು. ಅಲ್ಲದಿದ್ದರೆ ಕಟ್ಟಡದ ಬಾಗಿಲ ಮೇಲೆ ಬೆರಳೊತ್ತಿ ಹಿಡಿದು ಬೇರೆ ಪಿನ್ ಇಟ್ಟು, ಅದಕ್ಕೇ ದಾರಿ ಕೇಳಬೇಕು. ನಾನು ಆ ಪಿನ್‌ಗೆ "ಟರ್ಮಿನಲ್ ಮುಂಬಾಗಿಲು SMVB" ಅಂತ ಹೆಸರಿಟ್ಟು ಉಳಿಸಿಕೊಂಡಿದ್ದೀನಿ. ಊರಿಂದ ಬರೋರಿಗೆ ಈಗ ಹೆಸರು ಹೇಳೋದೇ ಇಲ್ಲ, ಆ ಪಿನ್ ಲಿಂಕನ್ನೇ ವಾಟ್ಸಾಪ್ ಮಾಡ್ತೀನಿ.

ಕ್ಯಾಬ್ ಬುಕ್ ಮಾಡೋರಿಗೆ ಒಂದು ಮಾತು. ಕ್ಯಾಬ್ ಆಪಿನ ಹೆಸರಿನ ಪಟ್ಟಿ ಬೇರೆ, ಮ್ಯಾಪ್ ಆಪಿನ ಪಟ್ಟಿ ಬೇರೆ. ಮ್ಯಾಪಿನಲ್ಲಿ ಸರಿಯಾಗಿ ಹುಡುಕಿ, ಕ್ಯಾಬಿನಲ್ಲಿ ಮತ್ತೆ ಹೆಸರು ಟೈಪ್ ಮಾಡಿದರೆ ಮೊದಲಿನಿಂದ ಅದೇ ಗೊಂದಲ. ಕ್ಯಾಬ್ ಹತ್ತಿದ ತಕ್ಷಣ ಡ್ರೈವರ್‌ಗೆ "ಹೊಸ ಟರ್ಮಿನಲ್, ಮೆಟ್ರೋ ಪಕ್ಕದ್ದಲ್ಲ" ಅಂತ ಬಾಯಿಬಿಟ್ಟು ಹೇಳೋದು ಒಳ್ಳೇದು. ಅಷ್ಟು ಹೇಳಿದರೆ ಅವರಿಗೆ ಅರ್ಥ ಆಗುತ್ತೆ.

ಮೆಟ್ರೋದಲ್ಲಿ ಬರೋರಿಗೆ ಆಪು ಬೈಯಪ್ಪನಹಳ್ಳಿಯಲ್ಲಿ ಇಳಿದು ನಡೀರಿ ಅಂತ ತೋರಿಸುತ್ತೆ. ಬೆನ್ನಿಗೊಂದು ಬ್ಯಾಗ್ ಇರೋ ಹುಡುಗರು ನಡೀಬಹುದು. ಟ್ರಾಲಿ, ಮಕ್ಕಳು, ವಯಸ್ಸಾದವರು ಇದ್ದರೆ ಅಲ್ಲಿಂದ ಆಟೋಗೂ ಸಮಯ ಲೆಕ್ಕ ಹಾಕ್ಕೊಂಡೇ ಮನೆ ಬಿಡಿ. ಹೆಸರು ಒಂದೇ ಅಂತ ಮೆಟ್ರೋ ಇಳಿದರೆ ರೈಲು ಎದುರಿಗೆ ನಿಂತಿರಲ್ಲ.

ಅಕಸ್ಮಾತ್ ತಪ್ಪು ಸ್ಟೇಷನ್ನಿಗೆ ಹೋಗಿಬಿಟ್ಟಿರಿ ಅನ್ನಿ, ಟರ್ಮಿನಲ್ಲಿಗೆ ಓಡೋ ಮುಂಚೆ ಗಾಡಿಯ ಟೈಮ್ ಟೇಬಲ್ ನೋಡಿ. ಟರ್ಮಿನಲ್ ಬಿಟ್ಟು ಪೂರ್ವಕ್ಕೆ ಹೋಗೋ ಹಲವು ಗಾಡಿಗಳು ಕೃಷ್ಣರಾಜಪುರದಲ್ಲಿ ನಿಲ್ಲುತ್ತವೆ. ನಿಮ್ಮದು ನಿಲ್ಲುತ್ತೆ ಅಂತಾದರೆ ಬೈಯಪ್ಪನಹಳ್ಳಿ ಮೆಟ್ರೋದಿಂದ ಬೆನ್ನಿಗಾನಹಳ್ಳಿ ದಾಟಿ ಕೆ.ಆರ್. ಪುರಕ್ಕೆ ಎರಡೇ ಸ್ಟಾಪ್, ಟ್ರಾಫಿಕ್ ಭಯ ಇಲ್ಲ. ಆದರೆ ಅಲ್ಲಿ ಹತ್ತೋಕೆ ಹೋದರೆ ಬೋರ್ಡಿಂಗ್ ಬದಲಾಯಿಸಿರಲ್ಲವಲ್ಲ, ಟಿಟಿಇ ನೀವು ಬರಲೇ ಇಲ್ಲ ಅಂತ ಗುರುತು ಹಾಕಿ ಸೀಟು ಬೇರೆಯವರಿಗೆ ಕೊಟ್ಟುಬಿಡಬಹುದು. ಜೊತೆಯವರು ಯಾರಾದರೂ ಟರ್ಮಿನಲ್ಲಿನಲ್ಲೇ ಹತ್ತಿದ್ದರೆ ಫೋನ್ ಮಾಡಿ ಟಿಟಿಇಗೆ ಹೇಳಿಸಿ, ಇಲ್ಲದಿದ್ದರೆ ಹತ್ತಿದ ಕೂಡಲೇ ನೀವೇ ಹುಡುಕಿಕೊಂಡು ಹೋಗಿ ಹೇಳಿ.

ದೊಡ್ಡಮ್ಮ ಪುರಿಯಿಂದ ಪ್ರಸಾದ ತಂದುಕೊಟ್ಟರು. ವಾಪಸ್ ಬರುವ ಗಾಡಿ ಎಲ್ಲಿಗೆ ಬರುತ್ತೆ ಅಂತ ಹಿಂದಿನ ರಾತ್ರಿಯೇ ಫೋನ್ ಮಾಡಿ, ಟಿಕೆಟ್ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿಸಿ, ನಾನು ಬರ್ಕೊಂಡಿದ್ದೀನಾ ಅಂತ ಎರಡು ಸಲ ಕೇಳಿದ್ರು.